98 ಕೆಜಿಗೆ ಎಷ್ಟು ಅಮಿಕಾಸಿನ್?

ಮಧ್ಯಾಹ್ನದ ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ವಾರ್ಡಿನ ಸಿಸ್ಟರ್ ಇಂಡೆಂಟ್ ಹಿಡಿದು ಬಂದರು. ಅಮಿಕಾಸಿನ್ ಅನ್ನುವ ಆಂಟಿಬಯೋಟಿಕ್ ಇಂಜೆಕ್ಷನ್, 500 ಮಿ.ಗ್ರಾಂನ ಮೂರು ವೈಯಲ್, 24 ಗಂಟೆಗೊಮ್ಮೆ. ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಒಂದೇ ರೋಗಿಗೆ ಒಂದೇ ಹೊತ್ತಿಗೆ ಮೂರು ವೈಯಲ್ ಅಂದರೆ ಕೈ ತಾನಾಗಿ ನಿಲ್ಲುತ್ತದೆ.

"ಸಿಸ್ಟರ್, ಪೇಶೆಂಟ್ ತೂಕ ಎಷ್ಟು?"

"98 ಕೆಜಿ ಸರ್. ನಾನೇ ನಿಲ್ಲಿಸಿ ನೋಡಿದೆ."

"ಎತ್ತರ?"

ಸಿಸ್ಟರ್ ಚೀಟಿ ತಿರುಗಿಸಿ ನೋಡಿದರು. ಎತ್ತರದ ಜಾಗ ಖಾಲಿ ಇತ್ತು.

ಗಂಗಾವತಿ ಕಡೆಯ ಅಮ್ಮ, 52 ವರ್ಷ. ಸಕ್ಕರೆ ಕಾಯಿಲೆ ಇದೆ. ಮೂರು ದಿನದಿಂದ ಚಳಿ ಜ್ವರ, ಸೊಂಟದ ಪಕ್ಕ ನೋವು, ಉರಿಮೂತ್ರ. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು. ಹಿಂದೊಮ್ಮೆ ಇದೇ ತೊಂದರೆಯಾದಾಗ ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಮಾಮೂಲಿ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಈ. ಕೋಲೈ ಬ್ಯಾಕ್ಟೀರಿಯಾ ಬಂದಿತ್ತಂತೆ. ಹಾಗಾಗಿ ಡಾಕ್ಟರು ಅಮಿಕಾಸಿನ್ ಬರೆದಿದ್ದರು. ಆಯ್ಕೆಯಲ್ಲಿ ತಪ್ಪಿರಲಿಲ್ಲ. ಲೆಕ್ಕದಲ್ಲೂ ಮೇಲ್ನೋಟಕ್ಕೆ ತಪ್ಪಿರಲಿಲ್ಲ. ಕೆಜಿಗೆ 15 ಮಿ.ಗ್ರಾಂ, 98 ಕೆಜಿಗೆ 1470. ಮೂರು ವೈಯಲ್ ಸರಿಹೋಯಿತು. ದಿನಕ್ಕೆ 1500 ದಾಟಬಾರದು ಅನ್ನುವ ಗೆರೆಯೊಳಗೇ ಇತ್ತು ಬೇರೆ. ಗೆರೆ ದಾಟಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರು. ಇಂಥ ತಪ್ಪುಗಳು ಗೆರೆಯ ಒಳಗೇ ಕೂತಿರುತ್ತವೆ, ಅದೇ ಕಷ್ಟ.

ಸಿಸ್ಟರ್ ಹಿಂದೆಯೇ ಆ ಅಮ್ಮನ ಮಗನೂ ಬಂದಿದ್ದ. ನಾನು ತಡ ಮಾಡುತ್ತಿರುವುದು ನೋಡಿ, "ಸರ್, ನಮ್ಮವ್ವ ಮೈಕಟ್ಟಿನಾಗ ದಪ್ಪ ಅದಾಳ. ಔಷಧನೂ ಜಾಸ್ತಿನೇ ಬೇಕಲ್ರೀ?" ಅಂದ.

ಒಳ್ಳೆಯ ಪ್ರಶ್ನೆ. ಜಾಸ್ತಿ ಬೇಕು, ನಿಜ. ಆದರೆ ಎಷ್ಟು ಜಾಸ್ತಿ?

ಔಷಧ ಮೈಯೊಳಗೆ ಎಲ್ಲಿಗೆ ಹೋಗುತ್ತದೆ ಅನ್ನುವುದರಿಂದ ಶುರು ಮಾಡಬೇಕು. ಅಮಿಕಾಸಿನ್, ಜೆಂಟಾಮೈಸಿನ್ ಎರಡೂ ನೀರಿನ ಜಾತಿಯ ಔಷಧಗಳು. ನೀರಿನಲ್ಲಿ ಚೆನ್ನಾಗಿ ಕರಗುತ್ತವೆ, ಕೊಬ್ಬಿನಲ್ಲಿ ಕರಗುವುದಿಲ್ಲ. ರಕ್ತಕ್ಕೆ ಸೇರಿದ ಮೇಲೆ ಇವು ಜೀವಕೋಶಗಳ ಹೊರಗಿನ ನೀರಿನಲ್ಲಿ ಹರಡಿಕೊಂಡು ಅಲ್ಲೇ ಉಳಿಯುತ್ತವೆ. ತೆಳ್ಳಗಿನ ಮನುಷ್ಯನಲ್ಲಿ ಈ ನೀರು ಕೆಜಿಗೆ ಸುಮಾರು ಕಾಲು ಲೀಟರ್ ಅಂತ ಹಿಡಿಯುತ್ತೇವೆ. 60 ಕೆಜಿಯವರಿಗೆ 15 ಲೀಟರ್. ಈ 15 ಲೀಟರಿನಲ್ಲಿ ಔಷಧ ಎಷ್ಟು ಗಟ್ಟಿಯಾಗಿ ಬೆರೆಯಿತು ಅನ್ನುವುದೇ ಮುಖ್ಯ. ಕೆಜಿಗೆ ಇಷ್ಟು ಅನ್ನುವ ಲೆಕ್ಕವೆಲ್ಲ ಈ ನೀರನ್ನು ಅಂದಾಜು ಮಾಡುವ ಸುತ್ತುದಾರಿ ಅಷ್ಟೆ.

ಸಾರು ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾತ್ರೆಯಲ್ಲಿ ಎರಡು ಲೀಟರ್ ಸಾರಿದೆ, ಅದಕ್ಕೆ ತಕ್ಕ ಉಪ್ಪು ಬಿದ್ದಿದೆ. ಒಗ್ಗರಣೆಗೆ ಕೈತಪ್ಪಿ ಒಂದು ಬಟ್ಟಲು ಎಣ್ಣೆ ಜಾಸ್ತಿ ಬಿತ್ತು ಅನ್ನಿ. ಪಾತ್ರೆಯ ತೂಕ ಏರಿತು ಅಂತ ಯಾರಾದರೂ ಇನ್ನೊಂದು ಚಮಚ ಉಪ್ಪು ಹಾಕುತ್ತಾರಾ? ಉಪ್ಪು ಕರಗುವುದು ನೀರಿನಲ್ಲಿ. ಎಣ್ಣೆ ಮೇಲೆ ತೇಲುತ್ತಿರುತ್ತದೆ. ತೂಕ ನೋಡಿ ಉಪ್ಪು ಹಾಕಿದರೆ ಸಾರು ಬಾಯಿಗೆ ಇಡುವ ಹಾಗಿರುವುದಿಲ್ಲ.

ಒಟ್ಟು ತೂಕ ಮೋಸ ಮಾಡುವುದು ಇಲ್ಲೇ. ತೂಕದ ಯಂತ್ರಕ್ಕೆ ನೀರು, ಮಾಂಸ, ಕೊಬ್ಬು ಎಲ್ಲ ಒಂದೇ.

ಹಾಗಾದರೆ ಕೊಬ್ಬನ್ನು ಪೂರ್ತಿ ಬಿಟ್ಟುಬಿಡೋಣವಾ? ಅದೂ ಆಗುವುದಿಲ್ಲ. ಸಾರಿನ ಹೋಲಿಕೆ ಇಲ್ಲಿಗೆ ಸಾಕಾಗುವುದಿಲ್ಲ. ಮೈಯ ಕೊಬ್ಬು ಬಾಟಲಿಯ ಎಣ್ಣೆಯಂತಲ್ಲ. ಅದರಲ್ಲಿ ರಕ್ತನಾಳಗಳಿವೆ, ಜೀವಕೋಶಗಳ ನಡುವೆ ಒಂದಿಷ್ಟು ನೀರಿದೆ. ಜೊತೆಗೆ ದಪ್ಪಗಿನವರಲ್ಲಿ ಜಾಸ್ತಿ ಆಗುವುದು ಬರೀ ಕೊಬ್ಬಲ್ಲ. ಆ ಭಾರ ಹೊತ್ತು ಓಡಾಡಲು ಕಾಲಿನ ಮಾಂಸವೂ ಬೆಳೆಯುತ್ತದೆ, ರಕ್ತವೂ ಹೆಚ್ಚುತ್ತದೆ. ಅಂದರೆ ಹೆಚ್ಚುವರಿ ತೂಕದಲ್ಲೂ ಔಷಧ ಹರಡುವ ಜಾಗ ಇದೆ, ಆದರೆ ಪೂರ್ತಿ ಇಲ್ಲ. ದಪ್ಪಗಿನ ರೋಗಿಗಳಿಗೆ ಈ ಔಷಧ ಕೊಟ್ಟು, ರಕ್ತದಲ್ಲಿ ಅಳೆದು ನೋಡಿದಾಗ ಹೆಚ್ಚುವರಿ ತೂಕದ ಸುಮಾರು 40 ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ ಅಂತ ಕಂಡಿತು. ನೂರಕ್ಕೆ 40, ಅಂದರೆ 0.4. ಎಲ್ಲರಲ್ಲೂ ಕರಾರುವಾಕ್ಕಾಗಿ ಅಷ್ಟೇ ಇರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹೆಚ್ಚುಕಮ್ಮಿ ಆಗುತ್ತದೆ. ಆದರೂ ಕೈಯಲ್ಲಿ ಹಿಡಿದು ಕೆಲಸ ಮಾಡಲು 0.4 ನಿಂತುಕೊಂಡಿತು.

ಹೀಗೆ ಮೂರು ತೂಕಗಳಾದವು. ಯಂತ್ರ ತೋರಿಸುವ ಒಟ್ಟು ತೂಕ. ಎತ್ತರದಿಂದ ತೆಗೆಯುವ ಐಡಿಯಲ್ ತೂಕ. ಇವೆರಡರ ನಡುವೆ ಹೊಂದಿಸಿದ ತೂಕ, ನಾವು ಅಡ್ಜಸ್ಟೆಡ್ ತೂಕ ಅನ್ನುತ್ತೇವೆ.

```
ಐಡಿಯಲ್ ತೂಕ (ಹೆಂಗಸರು) = 45.5 + 2.3 × (5 ಅಡಿ ಮೇಲಿನ ಇಂಚು)
ಐಡಿಯಲ್ ತೂಕ (ಗಂಡಸರು) = 50 + 2.3 × (5 ಅಡಿ ಮೇಲಿನ ಇಂಚು)
ಅಡ್ಜಸ್ಟೆಡ್ ತೂಕ = ಐಡಿಯಲ್ + 0.4 × (ಒಟ್ಟು − ಐಡಿಯಲ್)
```

ಐಡಿಯಲ್ ತೂಕದ ಸೂತ್ರ ಡಿವೈನ್ ಅನ್ನುವವರದ್ದು, 1974ರದ್ದು. ಅದು ಬಂದದ್ದೂ ಜೆಂಟಾಮೈಸಿನ್ ಬಗ್ಗೆ ಬರೆದ ಲೇಖನದಲ್ಲೇ. ಸಾವಿರಾರು ಜನರನ್ನು ಅಳೆದು ತೆಗೆದದ್ದಲ್ಲ. ಐದು ಅಡಿಯ ಹೆಂಗಸಿಗೆ 100 ಪೌಂಡ್, ಅದರ ಮೇಲೆ ಇಂಚಿಗೆ 5 ಪೌಂಡ್ ಅನ್ನುವ ಹಳೆಯ ಅಮೆರಿಕನ್ ಅಂದಾಜನ್ನು ಕೆಜಿಗೆ ತಿರುಗಿಸಿದ ಹಾಗಿದೆ, ಅಷ್ಟೆ. ಅದನ್ನೇ ಇವತ್ತೂ ನಮ್ಮ ವಾರ್ಡುಗಳಲ್ಲಿ ಕೂಡಿಸಿ ಕಳೆಯುತ್ತೇವೆ. ಐಡಿಯಲ್ ಅಂತ ಹೆಸರಿದ್ದರೂ, ಇಷ್ಟೇ ತೂಕ ಇರಬೇಕು ಅನ್ನುವ ಅರ್ಥ ಇದಕ್ಕಿಲ್ಲ. ಈ ಎತ್ತರದವರಲ್ಲಿ ಕೊಬ್ಬು ಬಿಟ್ಟು ಉಳಿದ ಮೈ ಸುಮಾರು ಎಷ್ಟಿರಬಹುದು ಅನ್ನುವುದಕ್ಕೆ ಒಂದು ಗುರುತು.

ನಾನು ಟೇಪ್ ತೆಗೆದುಕೊಂಡು ಸಿಸ್ಟರ್ ಜೊತೆ ವಾರ್ಡಿಗೆ ಹೋದೆ. ಅಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಐದು ಅಡಿ ಎರಡು ಇಂಚು. ಲೆಕ್ಕ ಚೀಟಿಯ ಹಿಂಬದಿಯಲ್ಲೇ ಆಯಿತು. 45.5ಕ್ಕೆ 4.6 ಕೂಡಿಸಿದರೆ ಐಡಿಯಲ್ ತೂಕ 50.1. ಹೆಚ್ಚುವರಿ 47.9 ಕೆಜಿ. ಅದರ 0.4 ಪಾಲು ಸುಮಾರು 19.2. ಎರಡೂ ಸೇರಿ ಅಡ್ಜಸ್ಟೆಡ್ ತೂಕ 69.3 ಕೆಜಿ. ಕೆಜಿಗೆ 15ರಂತೆ 1040 ಮಿ.ಗ್ರಾಂ. ಎರಡು ವೈಯಲ್.

ಒಟ್ಟು ತೂಕ ಹಿಡಿದರೆ ಮೂರು ವೈಯಲ್. ಐಡಿಯಲ್ ತೂಕ ಹಿಡಿದರೆ ಒಂದೂವರೆ. ಹೊಂದಿಸಿದ ತೂಕ ಹಿಡಿದರೆ ಎರಡು.

ಇದರಿಂದ ರಕ್ತದಲ್ಲಿ ಏನಾಗುತ್ತದೆ ನೋಡೋಣ. 69.3 ಕೆಜಿಗೆ ಕಾಲು ಲೀಟರಿನಂತೆ ನೀರಿನ ಜಾಗ ಸುಮಾರು 17 ಲೀಟರ್. ಎರಡು ವೈಯಲ್ ಹೋದರೆ ಲೀಟರಿಗೆ 58 ಮಿ.ಗ್ರಾಂ ಆಸುಪಾಸು ಏರುತ್ತದೆ. ತೆಳ್ಳಗಿನವರಿಗೆ ಕೆಜಿಗೆ 15 ಕೊಟ್ಟಾಗ ಸಿಗುವುದೂ ಸುಮಾರು ಇಷ್ಟೇ. ಮೂರು ವೈಯಲ್ ಹೋದರೆ 87ರ ಹತ್ತಿರ. ಒಟ್ಟು ತೂಕ ಹಿಡಿದವರು ನೀರಿನ ಜಾಗ 24 ಲೀಟರ್‌ಗೂ ಜಾಸ್ತಿ ಇದೆ ಅಂದುಕೊಂಡು ಕೊಟ್ಟಿರುತ್ತಾರೆ. ಆ ಏಳು ಲೀಟರ್ ಮೈಯಲ್ಲಿ ಇರುವುದೇ ಇಲ್ಲ.

ಒಂದೂವರೆ ವೈಯಲ್ ಕೊಟ್ಟರೆ ಇನ್ನೂ ಕ್ಷೇಮ ಅಲ್ವಾ ಅಂತ ಅನಿಸಬಹುದು. ಅಲ್ಲ. ಈ ಔಷಧಗಳು ಬ್ಯಾಕ್ಟೀರಿಯಾ ಕೊಲ್ಲುವುದು ಏರಿಕೆಯ ಬಲದಿಂದ. ಆ ಬ್ಯಾಕ್ಟೀರಿಯಾವನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣದ ಎಂಟು ಹತ್ತು ಪಟ್ಟು ಏರಬೇಕು ಅನ್ನುತ್ತಾರೆ. ಐಡಿಯಲ್ ತೂಕಕ್ಕೆ ಕೊಟ್ಟರೆ ಏರಿಕೆ 43ಕ್ಕೇ ನಿಲ್ಲುತ್ತದೆ. ಸ್ವಲ್ಪ ಮೊಂಡ ಬ್ಯಾಕ್ಟೀರಿಯಾ ಆದರೆ ಜ್ವರ ಇಳಿಯುವುದಿಲ್ಲ. ಆಮೇಲೆ ಔಷಧ ಕೆಲಸ ಮಾಡಲಿಲ್ಲ ಅಂತ ದುಬಾರಿ ಇಂಜೆಕ್ಷನ್‌ಗೆ ಹೋಗುತ್ತಾರೆ. ಕೆಲಸ ಮಾಡದಿದ್ದದ್ದು ಔಷಧವಲ್ಲ, ನಮ್ಮ ಲೆಕ್ಕ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಒಟ್ಟು ತೂಕ ಎರಡನೇ ಸಲವೂ ಮೋಸ ಮಾಡುತ್ತದೆ, ಅದೂ ಅದೇ ದಿಕ್ಕಿನಲ್ಲಿ. ಇದನ್ನು ಗಮನಿಸುವವರು ಕಡಿಮೆ.

ಮುಂದಿನ ಡೋಸ್ ಯಾವಾಗ ಅನ್ನುವುದನ್ನು ಕಿಡ್ನಿ ತೀರ್ಮಾನಿಸುತ್ತದೆ. ಅಮಿಕಾಸಿನ್ ಹೆಚ್ಚೂಕಡಿಮೆ ಪೂರ್ತಿ ಮೂತ್ರದಲ್ಲೇ ಹೋಗುತ್ತದೆ. ಕಿಡ್ನಿ ರಕ್ತ ಸೋಸುವ ವೇಗವನ್ನು ಅಂದಾಜು ಮಾಡಲು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 1976ರಲ್ಲಿ ಕೊಟ್ಟ ಸೂತ್ರ ಬಳಸುತ್ತೇವೆ. ಅದರೊಳಗೆ ವಯಸ್ಸು, ರಕ್ತದ ಕ್ರಿಯಾಟಿನಿನ್ ಮತ್ತು ಮತ್ತೆ ತೂಕ.

```
(140 − ವಯಸ್ಸು) × ತೂಕ ÷ (72 × ಕ್ರಿಯಾಟಿನಿನ್)
ಹೆಂಗಸರಿಗೆ ಇದನ್ನು 0.85ರಿಂದ ಗುಣಿಸಬೇಕು
```

ಇಲ್ಲಿ ತೂಕ ಯಾಕೆ ಬಂತು? ಕ್ರಿಯಾಟಿನಿನ್ ಅನ್ನುವ ಕಸ ಹುಟ್ಟುವುದು ಮಾಂಸಖಂಡದಲ್ಲಿ, ಅದನ್ನು ಹೊರಹಾಕುವುದು ಕಿಡ್ನಿ. ಮಾಂಸ ಎಷ್ಟಿದೆ ಅಂತ ಅಳೆಯುವುದು ಕಷ್ಟ, ಹಾಗಾಗಿ ಅದರ ಬದಲಿಗೆ ತೂಕ ಇಟ್ಟರು. ಕೊಬ್ಬಿನಲ್ಲಿ ಕ್ರಿಯಾಟಿನಿನ್ ಹುಟ್ಟುವುದಿಲ್ಲ. ಆದರೆ 98 ಅಂತ ಹಾಕಿದರೆ ಸೂತ್ರ ಹೀಗೆ ಯೋಚಿಸುತ್ತದೆ: ಇವರ ಮೈಯಲ್ಲಿ ಬೇಕಾದಷ್ಟು ಮಾಂಸವಿದೆ, ದಿನವಿಡೀ ರಾಶಿ ಕ್ರಿಯಾಟಿನಿನ್ ಹುಟ್ಟುತ್ತಿದೆ, ಆದರೂ ರಕ್ತದಲ್ಲಿ ಇಷ್ಟೇ ಉಳಿದಿದೆ, ಅಂದರೆ ಕಿಡ್ನಿ ಗಟ್ಟಿಮುಟ್ಟಾಗಿದೆ.

ಅಮ್ಮನ ಕ್ರಿಯಾಟಿನಿನ್ ಅಂದು 1.4 ಇತ್ತು. ಒಟ್ಟು ತೂಕ ಹಾಕಿದರೆ ಕಿಡ್ನಿಯ ವೇಗ ನಿಮಿಷಕ್ಕೆ 73 ಮಿ.ಲೀ. ಬರುತ್ತದೆ. ಹೊಂದಿಸಿದ ತೂಕ ಹಾಕಿದರೆ 51. ನಾವು ಅನುಸರಿಸುವ ಪಟ್ಟಿಯಲ್ಲಿ 60 ದಾಟಿದರೆ 24 ಗಂಟೆಗೊಮ್ಮೆ, 40ರಿಂದ 59ರೊಳಗೆ ಇದ್ದರೆ 36 ಗಂಟೆಗೊಮ್ಮೆ. ಅಂದರೆ ಅದೇ ಒಂದು 98 ಅನ್ನುವ ಅಂಕಿ ಡೋಸನ್ನೂ ದೊಡ್ಡದು ಮಾಡಿತು, ಎರಡು ಡೋಸ್‌ಗಳ ನಡುವಿನ ಬಿಡುವನ್ನೂ ಕಡಿಮೆ ಮಾಡಿತು. ಮೂರು ದಿನ, ಅಂದರೆ 72 ಗಂಟೆಯ ಲೆಕ್ಕ ಹಾಕಿ. ಒಂದು ದಾರಿಯಲ್ಲಿ ಒಂಬತ್ತು ವೈಯಲ್, ಇನ್ನೊಂದರಲ್ಲಿ ನಾಲ್ಕು. ಎರಡಕ್ಕಿಂತಲೂ ಜಾಸ್ತಿ ಪಟ್ಟು.

ಬಿಡುವು ಯಾಕೆ ಅಷ್ಟು ಮುಖ್ಯ ಅಂದರೆ, ಈ ಔಷಧ ಕಿಡ್ನಿಯನ್ನು ಕೆಡಿಸುವ ರೀತಿ ಬೇರೆ. ಕಿಡ್ನಿಯ ಸಣ್ಣ ಕೊಳವೆಗಳ ಗೋಡೆಯ ಜೀವಕೋಶಗಳು ಇದನ್ನು ಒಳಗೆ ಎಳೆದುಕೊಳ್ಳುತ್ತವೆ. ಎಳೆದುಕೊಳ್ಳುವ ವೇಗಕ್ಕೆ ಒಂದು ಮಿತಿ ಇದೆ. ಒಂದೇ ಸಲ ಜಾಸ್ತಿ ಬಂದರೆ ಮಿತಿ ಮೀರಿದ್ದು ಮೂತ್ರದಲ್ಲಿ ಹರಿದು ಹೋಗುತ್ತದೆ. ಆದರೆ ದಿನಪೂರ್ತಿ ಸ್ವಲ್ಪ ಸ್ವಲ್ಪ ಇದ್ದೇ ಇದ್ದರೆ ಆ ಜೀವಕೋಶಗಳು ಬಿಡುವಿಲ್ಲದೆ ತುಂಬಿಕೊಳ್ಳುತ್ತಲೇ ಇರುತ್ತವೆ. ಹಾಗಾಗಿ ದಿನಕ್ಕೆ ಒಂದೇ ದೊಡ್ಡ ಡೋಸ್ ಕೊಟ್ಟು, ಮುಂದಿನದಕ್ಕೆ ಮೊದಲು ರಕ್ತ ಹೆಚ್ಚುಕಡಿಮೆ ಖಾಲಿಯಾಗುವಂತೆ ನೋಡಿಕೊಳ್ಳುತ್ತೇವೆ. ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ರಕ್ತ ತೆಗೆದು ನೋಡಿದರೆ ಲೀಟರಿಗೆ 5 ಮಿ.ಗ್ರಾಂಗಿಂತ ಕಡಿಮೆ ಇರಬೇಕು, ಇನ್ನೂ ಕೆಳಗಿದ್ದರೆ ಒಳ್ಳೆಯದು. ಆ ಪರೀಕ್ಷೆ ಅಂದು ನಮ್ಮಲ್ಲಿ ಇರಲಿಲ್ಲ. ಹೊರಗಿನ ಲ್ಯಾಬಿಗೆ ಕಳಿಸಿದರೆ ರಿಪೋರ್ಟ್ ಬರುವ ಹೊತ್ತಿಗೆ ಇನ್ನೊಂದು ಡೋಸ್ ಹೋಗಿರುತ್ತದೆ. ಅಳೆಯಲು ಆಗದ ಕಡೆ ಲೆಕ್ಕವೇ ಕೈಹಿಡಿಯಬೇಕು.

ತಪ್ಪಿದಾಗ ಗೊತ್ತಾಗುವುದು ನಿಧಾನಕ್ಕೆ. ಸಾಮಾನ್ಯವಾಗಿ ಐದಾರು ದಿನದ ಮೇಲೆ ಕ್ರಿಯಾಟಿನಿನ್ ಏರಲು ಶುರುವಾಗುತ್ತದೆ. ಮೂತ್ರ ಮಾತ್ರ ಚೆನ್ನಾಗಿಯೇ ಬರುತ್ತಿರುತ್ತದೆ. ಬಾಟಲಿಗಟ್ಟಲೆ ಮೂತ್ರ ಬರ್ತಿದೆ, ಕಿಡ್ನಿಗೇನಾಗಿದೆ ಅಂತ ಮನೆಯವರು ಕೇಳುತ್ತಾರೆ. ಕೆಲವು ಸಲ ನಮ್ಮವರೂ ಅದನ್ನೇ ನಂಬುತ್ತಾರೆ. ಔಷಧ ನಿಲ್ಲಿಸಿದರೆ ಕಿಡ್ನಿ ಬಹುಪಾಲು ಚೇತರಿಸಿಕೊಳ್ಳುತ್ತದೆ. ಕಿವಿ ಹಾಗಲ್ಲ. ಒಳಕಿವಿಯ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಕೀರಲು ಸದ್ದುಗಳು ಹೋಗುತ್ತವೆ. ಮಾತು ಕೇಳಿಸುತ್ತಿರುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ. ಕಿವಿಯಲ್ಲಿ ಗುಂಯ್ ಅನ್ನುತ್ತಿದೆ ಅಂದರೆ ಅದೇ ಮೊದಲ ಎಚ್ಚರಿಕೆ.

ವಾರ್ಡಿಗೆ ವಾಪಸ್ ಬರೋಣ. ಡ್ಯೂಟಿ ಡಾಕ್ಟರಿಗೆ ಲೆಕ್ಕ ತೋರಿಸಿದೆ. ಚಿಕ್ಕ ವಯಸ್ಸಿನವರು. ಚೀಟಿ ನೋಡಿ, "ಡೋಸ್‌ಗೆ ಅಡ್ಜಸ್ಟೆಡ್ ತೂಕ ಗೊತ್ತಿತ್ತು ಸರ್, ಗಡಿಬಿಡಿಯಲ್ಲಿ ಬಿಟ್ಟೆ. ಆದರೆ ಕಿಡ್ನಿ ಲೆಕ್ಕಕ್ಕೂ ಹಾಕಬೇಕು ಅಂತ ಹೊಳೆದಿರಲಿಲ್ಲ" ಅಂದರು. ಮೊದಲ ಡೋಸ್ ಮಾತ್ರ ತಡ ಮಾಡಬಾರದು ಅಂತ ಇಬ್ಬರೂ ಒಪ್ಪಿದೆವು. ಮೊದಲ ಡೋಸ್ ನೀರಿನ ಜಾಗವನ್ನು ತುಂಬಿಸಲು, ಅದಕ್ಕೆ ಕಿಡ್ನಿಯ ಲೆಕ್ಕ ಬೇಕಿಲ್ಲ. ಸೋಂಕು ಜೋರಾಗಿದ್ದಾಗ ಮೊದಲ ಡೋಸಿನಲ್ಲಿ ಕಂಜೂಸಿತನ ಮಾಡುವುದು ದೊಡ್ಡ ತಪ್ಪು. ಕಿಡ್ನಿಯ ಮಾತು ಬರುವುದು ಎರಡನೇ ಡೋಸ್ ಯಾವಾಗ ಅನ್ನುವಾಗ. ಎರಡು ವೈಯಲ್ 100 ಮಿ.ಲೀ. ಸಲೈನ್‌ಗೆ ಸೇರಿಸಿ, ಸುಮಾರು ಅರ್ಧ ಗಂಟೆ ಡ್ರಿಪ್‌ನಲ್ಲಿ ಹೋಯಿತು. ಮುಂದಿನದು 36 ಗಂಟೆಯ ಮೇಲೆ ಅಂತ ಚಾರ್ಟ್‌ನಲ್ಲಿ ಗಂಟೆ ಸಮೇತ ಬರೆದರು. 36 ಗಂಟೆ ಅಂತಷ್ಟೇ ಬರೆದರೆ ಯಾರೋ ಒಬ್ಬರು ಅಭ್ಯಾಸಬಲದಿಂದ ಮರುದಿನವೇ ಹಾಕಿಬಿಡುತ್ತಾರೆ.

ಈ ಸೂತ್ರ ಯಾವಾಗ ಕೈಕೊಡುತ್ತದೆ ಅನ್ನುವುದನ್ನೂ ಹೇಳಬೇಕು. ಒಟ್ಟು ತೂಕ ಐಡಿಯಲ್‌ಗಿಂತ ಶೇ. 20ಕ್ಕಿಂತ ಜಾಸ್ತಿ ಇದ್ದಾಗ ಮಾತ್ರ ಇದನ್ನು ತೆಗೆಯುತ್ತೇವೆ. ಕೆಲವರು ಗೆರೆಯನ್ನು ಸ್ವಲ್ಪ ಮೇಲೆ ಎಳೆಯುತ್ತಾರೆ. ತೆಳ್ಳಗಿನವರಿಗೆ ಇದರ ಗೊಡವೆ ಬೇಡ. ರಾಯಚೂರು ಕಡೆಯಿಂದ ಬರುವ ಟಿಬಿ ರೋಗಿ, ಐದೂವರೆ ಅಡಿ ಎತ್ತರ, 38 ಕೆಜಿ ಅನ್ನಿ. ಸೂತ್ರದ ಪ್ರಕಾರ ಅವನ ಐಡಿಯಲ್ ತೂಕ 63.8. ಅದನ್ನು ಹಿಡಿದು ಕೊಟ್ಟರೆ ಅವನಿಗೆ ವಿಷ ಕೊಟ್ಟ ಹಾಗೆ. ಐಡಿಯಲ್‌ಗಿಂತ ಕಡಿಮೆ ಇದ್ದವರಿಗೆ ಇರುವ ತೂಕವೇ ಲೆಕ್ಕ.

ಐದು ಅಡಿಗಿಂತ ಕುಳ್ಳಗಿನವರದ್ದು ಇನ್ನೊಂದು ತಲೆನೋವು. ನಮ್ಮ ಕಡೆ ನಾಲ್ಕು ಅಡಿ ಹತ್ತು ಇಂಚಿನ ಹೆಂಗಸರು ಎಷ್ಟು ಜನ ಬೇಕು! ಡಿವೈನ್ ಸೂತ್ರ ಐದು ಅಡಿಯಿಂದ ಶುರುವಾಗುತ್ತದೆ. ಅದರ ಕೆಳಗೆ ಇಂಚಿಗೆ 2.3 ಕಳೆಯುವುದು ರೂಢಿ, ಆದರೆ ಅದು ರೂಢಿ ಅಷ್ಟೆ. ಅಂಥಲ್ಲಿ ಕ್ರಿಯಾಟಿನಿನ್ ಮೇಲೆ ಇನ್ನೂ ಜಾಸ್ತಿ ಕಣ್ಣಿಡುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸುವುದು ನೀರಿನ ತೂಕ. ಲಿವರ್ ಕೆಟ್ಟು ಹೊಟ್ಟೆ ತುಂಬ ನೀರು ತುಂಬಿಕೊಂಡವರು, ಹೃದಯ ಸೋತು ಕಾಲು ಊದಿದವರು ತೂಕದ ಯಂತ್ರದ ಮೇಲೆ ದಪ್ಪಗಿನವರಂತೆಯೇ ಕಾಣುತ್ತಾರೆ. ಆದರೆ ಅವರ ಹೆಚ್ಚುವರಿ ತೂಕ ಔಷಧ ಹರಡುವ ನೀರೇ. 0.4 ಅಂತ ಕಡಿತ ಮಾಡಿದರೆ ಏರಿಕೆ ಸಾಕಾಗುವುದಿಲ್ಲ. ಪತ್ತೆಹಚ್ಚಲು ದೊಡ್ಡ ಯಂತ್ರ ಬೇಡ. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಿಡಿ, ಗುಳಿ ಉಳಿದರೆ ನೀರು. ಒಂದು ತಿಂಗಳ ಹಿಂದೆ ಎಷ್ಟಿತ್ತು ಅಂತ ಕೇಳಿ. ಹತ್ತು ದಿನದಲ್ಲಿ ಹತ್ತು ಕೆಜಿ ಏರಿದ್ದರೆ ಅದು ಕೊಬ್ಬಲ್ಲ. ಇಂಥವರಿಗೆ ಯಾವ ಸೂತ್ರವೂ ನೆಟ್ಟಗೆ ಕೂರುವುದಿಲ್ಲ, ರಕ್ತದಲ್ಲಿ ಔಷಧ ಅಳೆಯಲೇಬೇಕು.

ಇನ್ನೊಂದು ಮಾತು. ಇದನ್ನು ಓದಿ ದಪ್ಪಗಿನವರಿಗೆ ಎಲ್ಲ ಔಷಧವನ್ನೂ ಹೊಂದಿಸಿದ ತೂಕಕ್ಕೇ ಕೊಡಬೇಕು ಅಂದುಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟಿದಾಗ ಚಿಕಿತ್ಸೆಗೆ ಕೊಡುವ ಎನಾಕ್ಸಪ್ಯಾರಿನ್ ಒಟ್ಟು ತೂಕಕ್ಕೇ. ವ್ಯಾಂಕೋಮೈಸಿನ್‌ನ ಮೊದಲ ಡೋಸೂ ಒಟ್ಟು ತೂಕಕ್ಕೆ, ಮೇಲೊಂದು ಮಿತಿ ಇಟ್ಟು. ಕ್ಯಾನ್ಸರ್ ಔಷಧಗಳಲ್ಲಿ ದಪ್ಪಗಿದ್ದಾರೆ ಅಂತ ಹೆದರಿ ಕಡಿಮೆ ಕೊಡುವ ರೂಢಿ ಬಹಳ ಕಾಲ ಇತ್ತು. ಪೂರ್ತಿ ತೂಕದ ಲೆಕ್ಕದಲ್ಲೇ ಕೊಡಿ ಅಂತ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2012ರಲ್ಲೇ ಹೇಳಿತು. 0.4 ಅನ್ನುವುದು ಅಮಿಕಾಸಿನ್, ಜೆಂಟಾಮೈಸಿನ್ ಮನೆತನದ ಅಂಕಿ. ಬೇರೆ ಔಷಧಕ್ಕೆ ಅದನ್ನು ಸುಮ್ನೆ ಎತ್ತಿಕೊಂಡು ಹೋದರೆ ಇನ್ನೊಂದು ತಪ್ಪಾಗುತ್ತದೆ.

ಅಮ್ಮನಿಗೆ ಮೂರನೇ ದಿನ ಜ್ವರ ಬಿಟ್ಟಿತು. ಸಲೈನ್ ಹೋಗಿ, ವಾಂತಿ ನಿಂತು, ಕ್ರಿಯಾಟಿನಿನ್ 1.1ಕ್ಕೆ ಇಳಿಯಿತು. ಮತ್ತೆ ಲೆಕ್ಕ ಹಾಕಿದರೆ ಕಿಡ್ನಿಯ ವೇಗ 65. ಹಾಗಾಗಿ 24 ಗಂಟೆಗೊಮ್ಮೆ ಅಂತ ಬದಲಾಯಿಸಿದೆವು. ಡೋಸ್ ಅದೇ ಎರಡು ವೈಯಲ್. ಕಲ್ಚರ್‌ನಲ್ಲಿ ಅಮಿಕಾಸಿನ್‌ಗೆ ಬಗ್ಗುವ ಈ. ಕೋಲೈ ಬಂತು.

ನಾನು ದಿನಾ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಐದನೇ ದಿನ ಅವರಿಗೆ ಬೇಸರ ಬಂದಿರಬೇಕು. "ಯಪ್ಪಾ, ಕಿವಿ ಚೊಲೋ ಅದಾವು. ನನ್ನ ಸೊಸಿ ಹೊರಗ ಫೋನಿನಾಗ ಏನ್ ಮಾತಾಡಾಕತ್ತಾಳ ಅನ್ನೂದೂ ಕೇಳಸ್ತೈತಿ" ಅಂದರು. ಸಿಸ್ಟರ್ ನಗುತ್ತಲೇ ಚಾರ್ಟ್‌ನಲ್ಲಿ ಕಿವಿ ನಾರ್ಮಲ್ ಅಂತ ಬರೆದರು. ಅದರ ಮೇಲಿನ ಸಾಲಿನಲ್ಲಿ, ಮೊದಲ ದಿನ ಖಾಲಿ ಇದ್ದ ಜಾಗದಲ್ಲಿ, 5 ಅಡಿ 2 ಇಂಚು ಅಂತ ಇತ್ತು.